ಕಾರ್ಬೋಹೈಡ್ರೇಟ್ ಆವರ್ತನ

ಕಾರ್ಬೋಹೈಡ್ರೇಟ್ ಆವರ್ತನ ಅಥವಾ ಕಾರ್ಬ್ ಸೈಕ್ಲಿಂಗ್ ಎಂಬುದು ಆಹಾರದಲ್ಲಿನ ಕಾರ್ಬೋಹೈಡ್ರೇಟ್‌ನ (ಶರ್ಕರಪಿಷ್ಟದ) ಪ್ರಮಾಣವನ್ನು ದಿನದಿಂದ ದಿನಕ್ಕೆ ಉದ್ದೇಶಪೂರ್ವಕವಾಗಿ ಬದಲಿಸುವ ಪದ್ಧತಿ. ಇದರ ಸಾಮಾನ್ಯ ರೂಪದಲ್ಲಿ ವ್ಯಾಯಾಮದ ದಿನಗಳಂದು ಅನ್ನ, ರೊಟ್ಟಿ, ಹಣ್ಣು ಮೊದಲಾದವುಗಳನ್ನು ಹೆಚ್ಚಾಗಿಯೂ ವಿಶ್ರಾಂತಿಯ ದಿನಗಳಂದು ಕಡಿಮೆಯಾಗಿಯೂ ಸೇವಿಸಲಾಗುತ್ತದೆ. ಪ್ರೋಟೀನಿನ ಪ್ರಮಾಣ ಎಲ್ಲ ದಿನಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ದೇಹದಾರ್ಢ್ಯ ಪಟುಗಳಲ್ಲಿ ಮೊದಲು ಪ್ರಚಲಿತವಾದ ಈ ಪದ್ಧತಿಯನ್ನು ಇಂದು ತೂಕ ಇಳಿಸಲು ಬಯಸುವವರೂ ದೂರದ ಓಟಗಾರರೂ ಅನುಸರಿಸುತ್ತಾರೆ. ವಾರದ ಒಟ್ಟು ಆಹಾರ ಸಮಾನವಾಗಿದ್ದಾಗ ಪ್ರತಿದಿನವೂ ಒಂದೇ ಪ್ರಮಾಣದಲ್ಲಿ ಸೇವಿಸುವುದಕ್ಕಿಂತ ಇದು ಹೆಚ್ಚು ಫಲಕಾರಿಯೇ ಎಂಬ ಪ್ರಶ್ನೆಗೆ ಇದುವರೆಗಿನ ಪ್ರಯೋಗಗಳು ಬಹುಮಟ್ಟಿಗೆ ಇಲ್ಲವೆಂಬ ಉತ್ತರವನ್ನೇ ನೀಡಿವೆ. ಆದರೆ ಊಟದ ಹೊತ್ತಿಗೂ ವ್ಯಾಯಾಮದ ಹೊತ್ತಿಗೂ ಇರುವ ಸಂಬಂಧ ಬೇರೆಯೇ ವಿಷಯ. ಅದನ್ನು ಗಮನಿಸದೆ ಪಂಚಾಂಗ ನೋಡಿ ದಿನಗಳನ್ನು ವಿಂಗಡಿಸಿದಲ್ಲಿ ಈ ಪದ್ಧತಿ ತನ್ನ ಉದ್ದೇಶಕ್ಕೆ ವಿರುದ್ಧವಾಗಿ ಕೆಲಸ ಮಾಡುವುದುಂಟು.

ಹಿನ್ನೆಲೆ

ದೇಹವು ಕಾರ್ಬೋಹೈಡ್ರೇಟನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತದೆ. ವಯಸ್ಕರ ಸ್ನಾಯುಗಳಲ್ಲಿ ಸುಮಾರು 400ರಿಂದ 500 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಗ್ಲೈಕೋಜನ್ ಇರುತ್ತದೆ. ಕೊಬ್ಬಿನ ಸಂಗ್ರಹಕ್ಕೆ ಹೋಲಿಸಿದರೆ ಇದು ಬಹಳ ಸಣ್ಣ ದಾಸ್ತಾನು. ಸ್ನಾಯುವಿನ ಗ್ಲೈಕೋಜನ್ ಆಯಾ ಸ್ನಾಯುವಿನ ಕೆಲಸಕ್ಕೆ ಮಾತ್ರ ಒದಗುತ್ತದೆ. ಅದು ರಕ್ತಕ್ಕೆ ಮರಳಿ ಸೇರುವುದಿಲ್ಲ. ಯಕೃತ್ತಿನ ದಾಸ್ತಾನು ಊಟಗಳ ನಡುವೆ ಮತ್ತು ರಾತ್ರಿಯ ವೇಳೆ ರಕ್ತದ ಸಕ್ಕರೆಯ ಮಟ್ಟವನ್ನು ಕಾಪಾಡುತ್ತದೆ.

ಆಹಾರಕ್ಕೂ ಈ ದಾಸ್ತಾನಿಗೂ ಇರುವ ನಂಟನ್ನು ನೇರವಾಗಿ ಅಳೆದು ತೋರಿಸಿದವರು ಸ್ವೀಡನ್ನಿನ ಯೋನಾಸ್ ಬೆರ್ಗ್‌ಸ್ಟ್ರೋಮ್ ಮತ್ತು ಎರಿಕ್ ಹುಲ್ಟ್‌ಮನ್. ಸೂಜಿಯ ಮೂಲಕ ಸ್ನಾಯುವಿನ ಚೂರನ್ನು ಹೊರತೆಗೆದು ಪರೀಕ್ಷಿಸುವ ವಿಧಾನವನ್ನು ಬಳಸಿ 1966ರಲ್ಲಿ ಅವರು ಪ್ರಕಟಿಸಿದ ಪ್ರಯೋಗದಲ್ಲಿ ಅವರಿಬ್ಬರೇ ಪಾತ್ರಧಾರಿಗಳು. ಒಂದೇ ಸೈಕಲ್ ಯಂತ್ರದ ಎರಡು ಬದಿಗಳಲ್ಲಿ ಕುಳಿತು ಇಬ್ಬರೂ ತಮ್ಮ ಒಂದೊಂದು ಕಾಲಿನಿಂದ ಮಾತ್ರ ದಣಿಯುವವರೆಗೆ ತುಳಿದರು. ಬಳಿಕ ಮೂರು ದಿನ ಕಾರ್ಬೋಹೈಡ್ರೇಟ್ ಸಮೃದ್ಧವಾದ ಆಹಾರ ಸೇವಿಸಿದಾಗ ದಣಿದ ಕಾಲಿನ ಗ್ಲೈಕೋಜನ್ ವಿಶ್ರಮಿಸಿದ ಕಾಲಿನದಕ್ಕಿಂತ ಸುಮಾರು ಎರಡು ಪಟ್ಟಾಗಿತ್ತು. 1967ರಲ್ಲಿ ಸಂಗಡಿಗರೊಡನೆ ಅವರು ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಕಡಿಮೆ ಕಾರ್ಬೋಹೈಡ್ರೇಟ್ ಆಹಾರದ ನಂತರ ಸುಮಾರು ಒಂದು ಗಂಟೆಯೊಳಗೆ ದಣಿಯುತ್ತಿದ್ದವರು ಸಮೃದ್ಧ ಆಹಾರದ ನಂತರ ಅದೇ ಭಾರದಲ್ಲಿ ಎರಡೂವರೆ ಗಂಟೆಗೂ ಹೆಚ್ಚು ಕಾಲ ಸೈಕಲ್ ತುಳಿದರು. ಸ್ಪರ್ಧೆಗೆ ಮುನ್ನ ಗ್ಲೈಕೋಜನ್ ತುಂಬಿಸಿಕೊಳ್ಳುವ ಪದ್ಧತಿ ಇಲ್ಲಿಂದ ಬೆಳೆಯಿತು. 1990ರ ದಶಕದಲ್ಲಿ ದೇಹದಾರ್ಢ್ಯದ ಪುಸ್ತಕಗಳು ಇದೇ ತತ್ತ್ವವನ್ನು ತೂಕ ಇಳಿಸುವ ಆಹಾರಕ್ರಮಕ್ಕೆ ಜೋಡಿಸಿದವು. ವಾರದ ಬಹುಪಾಲು ದಿನ ಕಾರ್ಬೋಹೈಡ್ರೇಟ್ ಕಡಿತ, ಕೊನೆಯ ಒಂದೆರಡು ದಿನ ಸಮೃದ್ಧಿ ಎಂಬ ಕ್ರಮ ಆಗ ಜನಪ್ರಿಯವಾಯಿತು.

ಒಂದು ವಾರದ ಲೆಕ್ಕ

ಎರಡು ಪದ್ಧತಿಗಳನ್ನು ಹೋಲಿಸಬೇಕಾದರೆ ವಾರದ ಮೊತ್ತವನ್ನು ಸಮಾನವಾಗಿಡುವುದು ಅಗತ್ಯ. ಉದಾಹರಣೆಗೆ 70 ಕಿಲೋಗ್ರಾಂ ತೂಕದ ವ್ಯಕ್ತಿಯೊಬ್ಬರು ಸೋಮವಾರ, ಮಂಗಳವಾರ, ಗುರುವಾರ ಮತ್ತು ಶನಿವಾರ ಭಾರ ಎತ್ತುವ ವ್ಯಾಯಾಮ ಮಾಡುತ್ತಾರೆ ಎಂದಿಟ್ಟುಕೊಳ್ಳಬಹುದು. ಸ್ಥಿರ ಪದ್ಧತಿಯಲ್ಲಿ ಅವರು ದಿನಕ್ಕೆ 240 ಗ್ರಾಂ ಕಾರ್ಬೋಹೈಡ್ರೇಟ್ ಸೇವಿಸಿದರೆ ವಾರಕ್ಕೆ 1680 ಗ್ರಾಂ ಆಗುತ್ತದೆ. ಆವರ್ತನದಲ್ಲಿ ವ್ಯಾಯಾಮದ ನಾಲ್ಕು ದಿನ 300 ಗ್ರಾಂ, ಉಳಿದ ಮೂರು ದಿನ 160 ಗ್ರಾಂ ಸೇವಿಸಿದರೂ ಮೊತ್ತ ಅಷ್ಟೇ. ಒಂದು ಗ್ರಾಂ ಕಾರ್ಬೋಹೈಡ್ರೇಟಿಗೆ 4 ಕಿಲೋಕ್ಯಾಲರಿಯಂತೆ ವ್ಯಾಯಾಮದ ದಿನ 240 ಕಿಲೋಕ್ಯಾಲರಿ ಹೆಚ್ಚು, ವಿಶ್ರಾಂತಿಯ ದಿನ 320 ಕಿಲೋಕ್ಯಾಲರಿ ಕಡಿಮೆ. ನಾಲ್ಕು ದಿನಗಳ ಹೆಚ್ಚಳವೂ ಮೂರು ದಿನಗಳ ಇಳಿಕೆಯೂ ತಲಾ 960 ಕಿಲೋಕ್ಯಾಲರಿಯಾಗಿ ಸರಿದೂಗುತ್ತವೆ.

ಅಡುಗೆಮನೆಯ ಲೆಕ್ಕದಲ್ಲಿ ಇದು ದೊಡ್ಡ ವ್ಯತ್ಯಾಸವಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರ ಸಂಯೋಜನೆಯ ಕೋಷ್ಟಕಗಳ ಪ್ರಕಾರ 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 78 ಗ್ರಾಂ, ಅಷ್ಟೇ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಆದ್ದರಿಂದ ವಿಶ್ರಾಂತಿಯ ದಿನದ 80 ಗ್ರಾಂ ಇಳಿಕೆ ಎಂದರೆ ಸುಮಾರು 100 ಗ್ರಾಂ ಅಕ್ಕಿಯ ಅನ್ನವನ್ನು ಬಿಡುವುದು. ಈ ಅಂಕಿಗಳು ಬೇಯಿಸದ ಧಾನ್ಯಕ್ಕೆ ಅನ್ವಯಿಸುತ್ತವೆ. ಅನ್ನವು ನೀರು ಹೀರಿ ಅಕ್ಕಿಯ ತೂಕದ ಎರಡೂವರೆಯಿಂದ ಮೂರು ಪಟ್ಟಾಗುವುದರಿಂದ, ಬೆಂದ ಅನ್ನವನ್ನು ತೂಗಿ ಅಕ್ಕಿಯ ಅಂಕಿಯಿಂದ ಗುಣಿಸಿದವರ ಲೆಕ್ಕದಲ್ಲಿ ಇಡೀ ಆವರ್ತನಕ್ಕಿಂತ ದೊಡ್ಡ ತಪ್ಪು ನುಸುಳುತ್ತದೆ.

ಆವರ್ತನದಲ್ಲಿ ಎರಡು ಬಗೆಗಳಿವೆ. ಮೇಲಿನ ಉದಾಹರಣೆಯಲ್ಲಿ ಕಾರ್ಬೋಹೈಡ್ರೇಟಿನ ಜೊತೆಗೆ ದಿನದ ಒಟ್ಟು ಶಕ್ತಿಯೂ ಏರಿಳಿಯುತ್ತದೆ. ಇನ್ನೊಂದು ಬಗೆಯಲ್ಲಿ ಇಳಿದ 320 ಕಿಲೋಕ್ಯಾಲರಿಯನ್ನು ಸುಮಾರು 36 ಗ್ರಾಂ ಕೊಬ್ಬಿನಿಂದ ತುಂಬಿ ದಿನದ ಶಕ್ತಿಯನ್ನು ಸ್ಥಿರವಾಗಿಡಲಾಗುತ್ತದೆ. ಚರ್ಚೆಗಳಲ್ಲಿ ಇವೆರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ಗೊಂದಲವಾಗುತ್ತದೆ. ತೂಕ ಇಳಿದಾಗ ಅದು ಆವರ್ತನದ ಫಲವೇ ಅಥವಾ ವಿಶ್ರಾಂತಿಯ ದಿನ ಕಡಿಮೆ ಉಂಡದ್ದರ ಫಲವೇ ಎಂದು ಹೇಳಲಾಗದು.

ಯಾವ ದಿನದ ಊಟ ಯಾವ ದಿನದ ವ್ಯಾಯಾಮಕ್ಕೆ

ಖಾಲಿಯಾದ ಸ್ನಾಯುವಿನಲ್ಲಿ ಗ್ಲೈಕೋಜನ್ ಮತ್ತೆ ತುಂಬಲು ಸಾಕಷ್ಟು ಕಾರ್ಬೋಹೈಡ್ರೇಟ್ ದೊರೆತರೂ ಸುಮಾರು 24 ಗಂಟೆ ಬೇಕಾಗುತ್ತದೆ. ಈ ಒಂದು ಸಂಗತಿಯೇ "ವ್ಯಾಯಾಮದ ದಿನ ಹೆಚ್ಚು, ವಿಶ್ರಾಂತಿಯ ದಿನ ಕಡಿಮೆ" ಎಂಬ ಸೂತ್ರವನ್ನು ತೊಡಕಿಗೆ ಸಿಲುಕಿಸುತ್ತದೆ. ಮೇಲಿನ ಉದಾಹರಣೆಯ ವ್ಯಕ್ತಿ ಬೆಳಗ್ಗೆ 6 ಗಂಟೆಗೆ ಬರಿಹೊಟ್ಟೆಯಲ್ಲಿ ವ್ಯಾಯಾಮ ಮಾಡುವವರಾದರೆ, ಆ ದಿನದ 300 ಗ್ರಾಂ ಹೊಟ್ಟೆ ಸೇರುವುದು ವ್ಯಾಯಾಮ ಮುಗಿದ ಮೇಲೆ. ಸೋಮವಾರದ ವ್ಯಾಯಾಮಕ್ಕೆ ಇಂಧನ ಒದಗಿಸುವುದು ಭಾನುವಾರದ ಊಟ. ಗುರುವಾರದ್ದಕ್ಕೆ ಬುಧವಾರದ ಊಟ. ಶನಿವಾರದ್ದಕ್ಕೆ ಶುಕ್ರವಾರದ ಊಟ. ಈ ಮೂರೂ ವಿಶ್ರಾಂತಿಯ ದಿನಗಳು, ಅಂದರೆ 160 ಗ್ರಾಂ ದಿನಗಳು. ಮಿದುಳೊಂದೇ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬಳಸುವುದರಿಂದ ಅಂತಹ ದಿನ ಸ್ನಾಯುಗಳ ಪಾಲಿಗೆ ಉಳಿಯುವುದು ಸ್ವಲ್ಪವೇ. ವಾರದ ನಾಲ್ಕು ವ್ಯಾಯಾಮಗಳಲ್ಲಿ ಸಮೃದ್ಧ ದಿನದ ಬೆಂಬಲ ಸಿಗುವುದು ಮಂಗಳವಾರದ್ದಕ್ಕೆ ಮಾತ್ರ.

ಮುಂಜಾನೆ ವ್ಯಾಯಾಮ ಮಾಡುವವರು ಈ ಪದ್ಧತಿಯ ಆಶಯವನ್ನು ಪಾಲಿಸಬೇಕಾದರೆ 300 ಗ್ರಾಂ ಸೇವಿಸಬೇಕಾದ ದಿನಗಳು ಭಾನುವಾರ, ಸೋಮವಾರ, ಬುಧವಾರ ಮತ್ತು ಶುಕ್ರವಾರ. ಇವುಗಳಲ್ಲಿ ಮೂರು ವಿಶ್ರಾಂತಿಯ ದಿನಗಳೇ. ಸಂಜೆ 6 ಗಂಟೆಗೆ ವ್ಯಾಯಾಮ ಮಾಡುವವರ ಸ್ಥಿತಿ ಬೇರೆ. ಅವರಿಗೆ ಅದೇ ದಿನದ ಬೆಳಗಿನ ಉಪಾಹಾರವೂ ಮಧ್ಯಾಹ್ನದ ಊಟವೂ ನೆರವಾಗುತ್ತವೆ. ಆದರೆ ರಾತ್ರಿಯ ಊಟಕ್ಕೆಂದು ಕಾಯ್ದಿರಿಸಿದ ಅನ್ನ ಆ ದಿನದ ವ್ಯಾಯಾಮಕ್ಕೆ ಸಲ್ಲುವುದಿಲ್ಲ. ದಿನವೂ 240 ಗ್ರಾಂ ಸೇವಿಸುವವರಿಗೆ ಈ ತಲೆನೋವೇ ಇಲ್ಲ. ಅವರು ಯಾವ ಹೊತ್ತಿನಲ್ಲಿ ವ್ಯಾಯಾಮ ಮಾಡಿದರೂ ಹಿಂದಿನ 24 ಗಂಟೆಗಳ ಸೇವನೆ ಒಂದೇ ಆಗಿರುತ್ತದೆ.

ಈ ತೊಡಕು ಎಲ್ಲರನ್ನೂ ಸಮನಾಗಿ ಬಾಧಿಸುವುದಿಲ್ಲ. ಭಾರ ಎತ್ತುವ ಒಂದು ಅವಧಿಯಲ್ಲಿ, ದುಡಿದ ಸ್ನಾಯುಗಳ ಗ್ಲೈಕೋಜನ್ ಸಾಮಾನ್ಯವಾಗಿ ಕಾಲು ಭಾಗದಿಂದ ಐದರಲ್ಲಿ ಎರಡು ಭಾಗದವರೆಗೆ ಕಡಿಮೆಯಾಗುತ್ತದೆ. ಮರುದಿನ ಬೇರೆ ಸ್ನಾಯುಗಳಿಗೆ ಕೆಲಸ ಕೊಡುವವರಲ್ಲಿ ಅದು ಅಷ್ಟಾಗಿ ಅರಿವಿಗೆ ಬರುವುದಿಲ್ಲ. ಒಂದೂವರೆ ಗಂಟೆಗೂ ಮೀರಿ ಓಡುವವರಲ್ಲಿ ಅಥವಾ ಬಿರುಸಾದ ಓಟದ ಸುತ್ತುಗಳನ್ನು ಅಭ್ಯಸಿಸುವವರಲ್ಲಿ ಪರಿಣಾಮ ಸ್ಪಷ್ಟ. ಆರಂಭದ ವೇಗ ಸರಿಯಾಗಿದ್ದು ಕೊನೆಯ ಸುತ್ತುಗಳು ನಿಧಾನವಾಗುವುದು, ಎಂದಿನ ವೇಗವೇ ಹೆಚ್ಚು ಶ್ರಮದಾಯಕವೆನಿಸುವುದು, ಇಂತಹ ದಿನಗಳು ಕಡಿಮೆ ಸೇವನೆಯ ಮರುದಿನವೇ ಮರುಕಳಿಸುವುದು ಇದರ ಲಕ್ಷಣಗಳು. ವ್ಯಾಯಾಮದ ದಿನಚರಿ ಪುಸ್ತಕದಲ್ಲಿ ಹಿಂದಿನ ದಿನದ ಊಟವನ್ನೂ ಬರೆದಿಟ್ಟವರಿಗೆ ಇದು ಎರಡು ಮೂರು ವಾರಗಳಲ್ಲಿ ಗೋಚರಿಸುತ್ತದೆ.

ಕೊಬ್ಬು ಕರಗುವುದರ ಬಗೆಗಿನ ವಾದಗಳು

ಆವರ್ತನದ ಪರವಾಗಿ ಸಾಮಾನ್ಯವಾಗಿ ಎರಡು ವಾದಗಳನ್ನು ಮಂಡಿಸಲಾಗುತ್ತದೆ. ಮೊದಲನೆಯದು ಇನ್ಸುಲಿನ್ ಕುರಿತದ್ದು. ಕಾರ್ಬೋಹೈಡ್ರೇಟ್ ಕಡಿಮೆಯಾದ ದಿನ ಇನ್ಸುಲಿನ್ ಇಳಿದು ದೇಹ ಕೊಬ್ಬನ್ನು ಹೆಚ್ಚಾಗಿ ಉರಿಸುತ್ತದೆ ಎಂಬುದು ನಿಜ. ಆದರೆ ಉರಿಯುವ ಕೊಬ್ಬಿನ ಪ್ರಮಾಣವೊಂದನ್ನೇ ನೋಡಿದರೆ ಸಾಲದು. ಊಟದಿಂದ ಬಂದ ಕೊಬ್ಬನ್ನು ಅದರಿಂದ ಕಳೆಯಬೇಕು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು ಸ್ಥೂಲಕಾಯದ 19 ಮಂದಿಯನ್ನು ಆಸ್ಪತ್ರೆಯಲ್ಲಿಯೇ ಇರಿಸಿ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಮ್ಮೆ ಕಾರ್ಬೋಹೈಡ್ರೇಟನ್ನು, ಇನ್ನೊಮ್ಮೆ ಕೊಬ್ಬನ್ನು ಕಡಿತಗೊಳಿಸಿ ಎರಡೂ ಬಾರಿ ಸಮಾನ ಕ್ಯಾಲರಿಯನ್ನು ಇಳಿಸಲಾಯಿತು. ಆರು ದಿನಗಳ ಅವಧಿಯಲ್ಲಿ ಕಾರ್ಬೋಹೈಡ್ರೇಟ್ ಕಡಿತದಿಂದ ಇನ್ಸುಲಿನ್ ಸ್ರಾವ ಇಳಿದು ಕೊಬ್ಬಿನ ದಹನ ಏರಿತಾದರೂ ದೇಹ ಕಳೆದುಕೊಂಡ ಕೊಬ್ಬು ದಿನಕ್ಕೆ ಸುಮಾರು 53 ಗ್ರಾಂ. ಕೊಬ್ಬಿನ ಕಡಿತದಲ್ಲಿ ಅದು ಸುಮಾರು 89 ಗ್ರಾಂ ಆಗಿತ್ತು. ಇದು ಅಲ್ಪಾವಧಿಯ ಪ್ರಯೋಗ. ದೀರ್ಘಾವಧಿಯಲ್ಲಿ ಕೊಬ್ಬಿನ ಕಡಿತವೇ ಮೇಲೆಂದು ಇದರಿಂದ ಹೇಳಲಾಗದು. ಇನ್ಸುಲಿನ್ ಇಳಿದ ಮಾತ್ರಕ್ಕೆ ಕೊಬ್ಬು ಹೆಚ್ಚು ಕರಗುತ್ತದೆ ಎಂಬ ವಾದ ನಿಲ್ಲುವುದಿಲ್ಲ ಎಂಬಷ್ಟು ಮಾತ್ರ ಸಿದ್ಧವಾಗುತ್ತದೆ.

ಎರಡನೆಯ ವಾದ ಲೆಪ್ಟಿನ್ ಎಂಬ ಹಾರ್ಮೋನಿನ ಕುರಿತದ್ದು. ಪಥ್ಯದಿಂದ ಲೆಪ್ಟಿನ್ ಕುಸಿದು ದೇಹದ ಶಕ್ತಿವ್ಯಯ ತಗ್ಗುತ್ತದೆ, ನಡುನಡುವೆ ಬರುವ ಸಮೃದ್ಧ ದಿನಗಳು ಅದನ್ನು ಮೇಲೆತ್ತುತ್ತವೆ ಎನ್ನಲಾಗುತ್ತದೆ. 2000ದಲ್ಲಿ ಪ್ರಕಟವಾದ, ಆರೋಗ್ಯವಂತ ಮಹಿಳೆಯರ ಮೇಲಿನ ಅಧ್ಯಯನವೊಂದರಲ್ಲಿ ಮೂರು ದಿನಗಳ ಕಾಲ ಅಗತ್ಯಕ್ಕಿಂತ ಶೇಕಡಾ 40ರಷ್ಟು ಹೆಚ್ಚು ಶಕ್ತಿಯನ್ನು ಕಾರ್ಬೋಹೈಡ್ರೇಟ್ ರೂಪದಲ್ಲಿ ನೀಡಿದಾಗ ಲೆಪ್ಟಿನ್ ಶೇಕಡಾ 28ರಷ್ಟೂ ಶಕ್ತಿವ್ಯಯ ಶೇಕಡಾ 7ರಷ್ಟೂ ಏರಿದವು. ಏಳನ್ನು ಗಳಿಸಲು ನಲವತ್ತನ್ನು ತೆತ್ತ ಈ ವ್ಯಾಪಾರ ಕೊಬ್ಬು ಕರಗಿಸುವವರಿಗೆ ಲಾಭದಾಯಕವಲ್ಲ. ಪಥ್ಯದ ನಡುವಿನ ಒಂದು ದಿನ 60 ಗ್ರಾಂ ಹೆಚ್ಚು ಸೇವಿಸುವುದನ್ನು ಮೂರು ದಿನಗಳ ಅತಿಪೋಷಣೆಗೆ ಹೋಲಿಸುವುದೂ ಸರಿಯಲ್ಲ.

ಭಾರ ಎತ್ತುವ ವ್ಯಾಯಾಮದಲ್ಲಿ ಪಳಗಿದವರ ಮೇಲೆ ಬಿಲ್ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಏಳು ವಾರಗಳ ಪ್ರಯೋಗ ಇಲ್ಲಿ ಹೆಚ್ಚು ಪ್ರಸ್ತುತ. ಒಂದು ಗುಂಪು ಪ್ರತಿದಿನವೂ ಶೇಕಡಾ 25ರಷ್ಟು ಶಕ್ತಿಯನ್ನು ಕಡಿತಗೊಳಿಸಿತು. ಇನ್ನೊಂದು ಗುಂಪು ಐದು ದಿನ ಶೇಕಡಾ 35ರಷ್ಟು ಕಡಿತಗೊಳಿಸಿ, ಉಳಿದ ಎರಡು ದಿನ ಕಾರ್ಬೋಹೈಡ್ರೇಟ್ ಹೆಚ್ಚಿಸಿ ಪೂರ್ಣ ಪ್ರಮಾಣದಲ್ಲಿ ಉಂಡಿತು. ಕರಗಿದ ಕೊಬ್ಬಿನಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಕೊಬ್ಬುರಹಿತ ದೇಹತೂಕದ ನಷ್ಟ ಮಾತ್ರ ಎರಡನೆಯ ಗುಂಪಿನಲ್ಲಿ ಕಡಿಮೆಯಾಗಿತ್ತು: ಸುಮಾರು 1.3 ಕಿಲೋಗ್ರಾಂಗೆ ಬದಲು 0.4 ಕಿಲೋಗ್ರಾಂ. ಆವರ್ತನದ ಪರವಾದ ಅತ್ಯಂತ ಬಲವಾದ ಸಾಕ್ಷ್ಯ ಇದೇ ಎನ್ನಬಹುದು. ಆದರೆ ಪ್ರಯೋಗವನ್ನು ಪೂರ್ಣಗೊಳಿಸಿದವರು 27 ಮಂದಿ ಮಾತ್ರ. ಸಮೃದ್ಧ ದಿನಗಳು ಎರಡು ದಿನಗಳ ಜೋಡಿಯಾಗಿದ್ದವೇ ಹೊರತು ವ್ಯಾಯಾಮದ ದಿನಗಳಿಗೆ ಕಟ್ಟುಬಿದ್ದಿರಲಿಲ್ಲ. ಮರುವರ್ಷ ಪ್ರಕಟವಾದ ಐಸ್‌ಕ್ಯಾಪ್ ಎಂಬ ಪ್ರಯೋಗದಲ್ಲಿ 61 ಮಂದಿ ಪಾಲ್ಗೊಂಡಿದ್ದರು. ಮೂರು ವಾರಗಳ ಪಥ್ಯಕ್ಕೊಂದು ವಾರ ಬಿಡುವು ಪಡೆದವರಲ್ಲಿಯೂ ಬಿಡುವಿಲ್ಲದೆ ಪಥ್ಯ ಮಾಡಿದವರಲ್ಲಿಯೂ ಕೊಬ್ಬು ಮತ್ತು ಕೊಬ್ಬುರಹಿತ ತೂಕದ ಬದಲಾವಣೆ ಒಂದೇ ತೆರನಾಗಿತ್ತು. ಬಿಡುವು ಪಡೆದವರಿಗೆ ಹಸಿವಿನ ಬಾಧೆ ಕಡಿಮೆಯಿತ್ತು. ಪಥ್ಯವನ್ನು ಕೊನೆಯವರೆಗೆ ನಿಭಾಯಿಸುವಲ್ಲಿ ಇದು ಕಡೆಗಣಿಸುವಂಥ ಲಾಭವಲ್ಲ.

ಸಾಮರ್ಥ್ಯದ ಮೇಲಿನ ಪರಿಣಾಮ

ದೂರದ ಓಟ ಮತ್ತು ಸೈಕ್ಲಿಂಗ್ ಕ್ಷೇತ್ರದಲ್ಲಿ ಪ್ರಶ್ನೆಯ ಸ್ವರೂಪವೇ ಬೇರೆ. ಅಲ್ಲಿ ಕೆಲವು ಅಭ್ಯಾಸಗಳನ್ನು ಬೇಕೆಂದೇ ಕಡಿಮೆ ಗ್ಲೈಕೋಜನ್ ಸ್ಥಿತಿಯಲ್ಲಿ ಮಾಡಿಸಲಾಗುತ್ತದೆ. ಡೆನ್ಮಾರ್ಕಿನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ತರಬೇತಿಯಿಲ್ಲದ ಏಳು ಯುವಕರು ಒಂದು ಕಾಲಿಗೆ ದಿನಕ್ಕೊಮ್ಮೆ, ಇನ್ನೊಂದು ಕಾಲಿಗೆ ದಿನ ಬಿಟ್ಟು ದಿನ ಬೆನ್ನುಬೆನ್ನಿಗೆ ಎರಡು ಬಾರಿ ವ್ಯಾಯಾಮ ಮಾಡಿದರು. ಎರಡನೆಯ ಬಾರಿ ಆ ಕಾಲಿನ ಗ್ಲೈಕೋಜನ್ ಇಳಿದಿರುತ್ತಿತ್ತು. ಹತ್ತು ವಾರಗಳ ನಂತರ ಒಟ್ಟು ಕೆಲಸ ಸಮಾನವಾಗಿದ್ದರೂ ಈ ಕಾಲು ದಣಿಯಲು ಸುಮಾರು ಎರಡು ಪಟ್ಟು ಸಮಯ ತೆಗೆದುಕೊಂಡಿತು. ಇಂಧನದ ಕೊರತೆಯೇ ಸ್ನಾಯುಕೋಶಗಳಿಗೆ ಹೊಂದಾಣಿಕೆಯ ಸಂಕೇತವಾಗುತ್ತದೆ ಎಂಬ ವಿವರಣೆ ಇದರಿಂದ ಪ್ರಬಲವಾಯಿತು. ಪಳಗಿದ ಸೈಕಲ್ ಪಟುಗಳಲ್ಲಿ ಮೂರು ವಾರ ಇದನ್ನೇ ಪರೀಕ್ಷಿಸಿದಾಗ ಅವರು ಗ್ಲೈಕೋಜನ್ ಇಳಿದ ದಿನಗಳಲ್ಲಿ ಅಷ್ಟೇ ಬಿರುಸಾಗಿ ತುಳಿಯಲಾರದೆ ಹೋದರು. ಕೊನೆಯ ಪರೀಕ್ಷೆಯಲ್ಲಿ ಎರಡೂ ಗುಂಪುಗಳು ಸಮಾನವಾಗಿ ಸುಧಾರಿಸಿದ್ದವು.

2016ರಲ್ಲಿ ಲೋರಿ-ಆನ್ ಮಾರ್ಕೆ ಮತ್ತು ಸಂಗಡಿಗರು ಫ್ರಾನ್ಸಿನಿಂದ ಪ್ರಕಟಿಸಿದ ಅಧ್ಯಯನ ಆವರ್ತನಕ್ಕೆ ಹೊಸ ಉತ್ಸಾಹ ತಂದಿತು. 21 ಟ್ರಯಾಥ್ಲಾನ್ ಪಟುಗಳೆಲ್ಲರೂ ದಿನಕ್ಕೆ ದೇಹತೂಕದ ಪ್ರತಿ ಕಿಲೋಗ್ರಾಂಗೆ 6 ಗ್ರಾಂ ಕಾರ್ಬೋಹೈಡ್ರೇಟನ್ನೇ ಸೇವಿಸಿದರು. ಒಂದು ಗುಂಪು ಸಂಜೆ ಬಿರುಸಿನ ಅಭ್ಯಾಸ ಮಾಡಿ, ರಾತ್ರಿಯೂಟದಲ್ಲಿ ಕಾರ್ಬೋಹೈಡ್ರೇಟ್ ಬಿಟ್ಟು ಮಲಗಿ, ಮರುದಿನ ಬೆಳಗ್ಗೆ ಬರಿಹೊಟ್ಟೆಯಲ್ಲಿ ಹಗುರವಾದ ಅಭ್ಯಾಸ ಮಾಡಿತು. ಮೂರು ವಾರಗಳಲ್ಲಿ ಆ ಗುಂಪಿನ 10 ಕಿಲೋಮೀಟರ್ ಓಟ ಸುಮಾರು ಶೇಕಡಾ 3ರಷ್ಟು ಸುಧಾರಿಸಿತು. ಇನ್ನೊಂದು ಗುಂಪಿನಲ್ಲಿ ಸುಧಾರಣೆ ಕಾಣಲಿಲ್ಲ. ಇಲ್ಲಿ ಬದಲಾದದ್ದು ದಿನದ ಮೊತ್ತವಲ್ಲ, ದಿನದೊಳಗಿನ ಹಂಚಿಕೆ ಎಂಬುದನ್ನು ಗಮನಿಸಬೇಕು. ಬಿರುಸಿನ ಅಭ್ಯಾಸಕ್ಕೆ ಪೂರ್ಣ ಇಂಧನವಿತ್ತು, ಕೊರತೆಯಿದ್ದದ್ದು ಹಗುರವಾದ ಅಭ್ಯಾಸಕ್ಕೆ ಮಾತ್ರ.

ಮುಂದಿನ ವರ್ಷವೇ ಪ್ರಕಟವಾದ ಎರಡು ಅಧ್ಯಯನಗಳು ಈ ಉತ್ಸಾಹವನ್ನು ತಗ್ಗಿಸಿದವು. ಕ್ಯಾಸ್ಪರ್ ಗೈಲ್ ಮತ್ತು ಸಂಗಡಿಗರು 26 ಉನ್ನತ ಮಟ್ಟದ ಪಟುಗಳಲ್ಲಿ ನಾಲ್ಕು ವಾರ ಪರೀಕ್ಷಿಸಿದಾಗ ಆವರ್ತನದ ಗುಂಪೂ ನಿಯಮಿತ ಆಹಾರದ ಗುಂಪೂ ಒಂದೇ ಪ್ರಮಾಣದಲ್ಲಿ ಸುಧಾರಿಸಿದವು. ಆಸ್ಟ್ರೇಲಿಯದ ಕ್ರೀಡಾ ಸಂಸ್ಥೆಯಲ್ಲಿ ಲೂಯಿಸ್ ಬರ್ಕ್ ಮತ್ತು ಸಂಗಡಿಗರು ವಿಶ್ವಮಟ್ಟದ ನಡಿಗೆ ಸ್ಪರ್ಧಿಗಳನ್ನು ಮೂರು ಬಗೆಯ ಆಹಾರಕ್ರಮಗಳಲ್ಲಿ ಇರಿಸಿದರು: ಸದಾ ಸಮೃದ್ಧ ಕಾರ್ಬೋಹೈಡ್ರೇಟ್, ಅಷ್ಟೇ ಮೊತ್ತವನ್ನು ಏರಿಳಿಸಿ ಹಂಚಿದ ಆವರ್ತನ, ಅತಿ ಕಡಿಮೆ ಕಾರ್ಬೋಹೈಡ್ರೇಟಿನ ಕೊಬ್ಬು ಸಮೃದ್ಧ ಆಹಾರ. 10 ಕಿಲೋಮೀಟರ್ ಸ್ಪರ್ಧೆಯಲ್ಲಿ ಮೊದಲ ಗುಂಪು ಶೇಕಡಾ 6.6, ಎರಡನೆಯದು ಶೇಕಡಾ 5.3ರಷ್ಟು ಸುಧಾರಿಸಿದವು, ಮೂರನೆಯದು ಸುಧಾರಿಸಲೇ ಇಲ್ಲ. ಮೊದಲೆರಡರ ನಡುವಿನ ಅಂತರಕ್ಕೆ ಅರ್ಥ ಕಲ್ಪಿಸುವಂತಿಲ್ಲ. ಸ್ಥಿರ ಸೇವನೆಯನ್ನೂ ಆವರ್ತನವನ್ನೂ ಸಮಾನ ಮೊತ್ತದಲ್ಲಿ ಹೋಲಿಸಿದ ಪ್ರಯೋಗಗಳಲ್ಲಿ ಇದು ಅತ್ಯಂತ ಎಚ್ಚರದಿಂದ ನಡೆಸಿದವುಗಳಲ್ಲೊಂದು. ಇಂತಹ ಪ್ರಯೋಗಗಳನ್ನು ಒಟ್ಟುಗೂಡಿಸಿ ಗೈಲ್ ಮತ್ತು ಲಾರ್ಸ್ ನೈಬೊ 2021ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೂ ಪಳಗಿದ ಪಟುಗಳಿಗೆ ಆವರ್ತನದಿಂದ ಹೆಚ್ಚಿನ ಪ್ರಯೋಜನವಿಲ್ಲವೆಂದೇ ಹೇಳಿತು.

ಕ್ರೀಡಾ ಪೋಷಣೆಯ ಮಾರ್ಗಸೂಚಿಗಳು ಕಾರ್ಬೋಹೈಡ್ರೇಟನ್ನು ಕೆಲಸದ ಹೊರೆಗೆ ತಕ್ಕಂತೆ ಹೊಂದಿಸಲು ಸೂಚಿಸುತ್ತವೆ: ಹಗುರವಾದ ಅಭ್ಯಾಸಕ್ಕೆ ದೇಹತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 3ರಿಂದ 5 ಗ್ರಾಂ, ದಿನಕ್ಕೆ ಸುಮಾರು ಒಂದು ಗಂಟೆಯ ಅಭ್ಯಾಸಕ್ಕೆ 5ರಿಂದ 7 ಗ್ರಾಂ. ಮೂರು ಗಂಟೆ ಸೈಕಲ್ ತುಳಿಯುವ ಭಾನುವಾರಕ್ಕೂ ಮನೆಯಲ್ಲಿರುವ ಸೋಮವಾರಕ್ಕೂ ಊಟ ಬೇರೆಯಾಗುವುದು ಸಹಜವೇ. ಇದು ಹಸಿವೂ ಒಪ್ಪುವ ಹೊಂದಾಣಿಕೆ. ಇದಕ್ಕೆ ಚಯಾಪಚಯದ ಗುಟ್ಟನ್ನು ಆರೋಪಿಸಬೇಕಾಗಿಲ್ಲ. ವಾರಕ್ಕೆ ನಾಲ್ಕು ದಿನ ಒಂದು ಗಂಟೆ ಭಾರ ಎತ್ತುವವರಲ್ಲಿ ದಿನಗಳ ನಡುವಿನ ನಿಜವಾದ ವ್ಯತ್ಯಾಸ ಅಷ್ಟು ದೊಡ್ಡದಲ್ಲ.

ತೂಕದ ಯಂತ್ರ ನೀಡುವ ಭ್ರಮೆ

ಆವರ್ತನದಿಂದ ಬೇಗ ಫಲ ಸಿಕ್ಕಿತೆಂಬ ಅನುಭವಕ್ಕೆ ಸಾಮಾನ್ಯ ಕಾರಣ ನೀರು. ಒಂದು ಗ್ರಾಂ ಗ್ಲೈಕೋಜನ್ ತನ್ನೊಡನೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಡಿಮೆ ಸೇವನೆಯ ದಿನಗಳಲ್ಲಿ 150 ಗ್ರಾಂ ಗ್ಲೈಕೋಜನ್ ಇಳಿದರೆ ತೂಕ ಸುಮಾರು 600 ಗ್ರಾಂ ಇಳಿಯುತ್ತದೆ. ಅದರಲ್ಲಿ ಕೊಬ್ಬು ಒಂದಿಷ್ಟೂ ಇರುವುದಿಲ್ಲ. ಸಮೃದ್ಧ ದಿನದ ಮರುದಿನ ಅದೇ ತೂಕ ಮರಳಿದಾಗ ಗಾಬರಿಗೊಂಡು ಊಟವನ್ನು ಮತ್ತಷ್ಟು ಇಳಿಸುವವರಿದ್ದಾರೆ. ದಿನಕ್ಕೆ 300 ಕಿಲೋಕ್ಯಾಲರಿ ಕೊರತೆಯಿಂದ ಕರಗುವ ಕೊಬ್ಬು ವಾರಕ್ಕೆ 300 ಗ್ರಾಂನಷ್ಟಿರುವುದರಿಂದ ಈ ನೀರಿನ ಏರಿಳಿತ ಅದನ್ನು ಸುಲಭವಾಗಿ ಮರೆಮಾಡುತ್ತದೆ. ಪ್ರತಿದಿನ ಬೆಳಗ್ಗೆ ಶೌಚದ ನಂತರ, ಏನನ್ನೂ ಸೇವಿಸುವ ಮುನ್ನ ತೂಗಿ, ಏಳು ದಿನಗಳ ಸರಾಸರಿಯನ್ನು ಹಿಂದಿನ ವಾರದ ಸರಾಸರಿಯೊಡನೆ ಹೋಲಿಸುವುದು ಸೂಕ್ತ. ಇಂತಹ ಮೂರು ನಾಲ್ಕು ವಾರಗಳ ಸರಾಸರಿಗಳಿಲ್ಲದೆ ಯಾವ ಪದ್ಧತಿ ಕೆಲಸ ಮಾಡಿತೆಂದು ತೀರ್ಮಾನಿಸಲಾಗದು. ಸೊಂಟದ ಸುತ್ತಳತೆಯನ್ನು ಜೊತೆಗೆ ಅಳೆದರೆ ನೀರನ್ನೂ ಕೊಬ್ಬನ್ನೂ ಬೇರ್ಪಡಿಸಿ ನೋಡಲು ಅನುಕೂಲ.

ಇನ್ನೊಂದು ತಪ್ಪು ಸಮೃದ್ಧ ದಿನಗಳಲ್ಲಿ ಆಗುವಂಥದ್ದು. 60 ಗ್ರಾಂ ಹೆಚ್ಚುವರಿ ಕಾರ್ಬೋಹೈಡ್ರೇಟನ್ನು ಅನ್ನ ಅಥವಾ ಬಾಳೆಹಣ್ಣಿನ ಬದಲು ಎಣ್ಣೆಯಲ್ಲಿ ಕರಿದ ತಿಂಡಿ ಮತ್ತು ತುಪ್ಪದ ಸಿಹಿಯಿಂದ ಪಡೆದರೆ ಅದರೊಡನೆ ಲೆಕ್ಕಕ್ಕೆ ಬಾರದ ಕೊಬ್ಬೂ ಸೇರಿ ಮೂರು ದಿನಗಳ ಕಡಿತ ಒಂದೇ ಸಂಜೆಯಲ್ಲಿ ಭರ್ತಿಯಾಗಬಹುದು.

ಅಪಾಯವಿರುವವರು

ಇನ್ಸುಲಿನ್ ಅಥವಾ ಸಲ್ಫೊನೈಲ್‌ಯೂರಿಯಾ ವರ್ಗದ ಮಾತ್ರೆಗಳನ್ನು ಬಳಸುವ ಮಧುಮೇಹಿಗಳಲ್ಲಿ ಔಷಧದ ಪ್ರಮಾಣವನ್ನು ಹೊಂದಿಸದೆ ಕಾರ್ಬೋಹೈಡ್ರೇಟ್ ಇಳಿಸಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ವೈದ್ಯರ ಮೇಲ್ವಿಚಾರಣೆಯಿಲ್ಲದೆ ಅವರು ಇದನ್ನು ಕೈಗೊಳ್ಳುವಂತಿಲ್ಲ. ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮೊದಲಾದ ಔಷಧಗಳನ್ನು ಸೇವಿಸುವವರಲ್ಲಿ ತೀವ್ರ ಕಡಿತದಿಂದ ಕೀಟೋಆಸಿಡೋಸಿಸ್ ಉಂಟಾಗುವ ಸಂಭವವಿದೆ. ಆಗ ರಕ್ತದ ಸಕ್ಕರೆ ಹೆಚ್ಚಾಗಿರದಿರುವುದೂ ಉಂಟು. ವಾಕರಿಕೆ, ಹೊಟ್ಟೆನೋವು, ಏದುಸಿರು ಕಾಣಿಸಿದಾಗ ಗ್ಲೂಕೋಮೀಟರಿನ ಅಂಕಿ ಸರಿಯಿದೆಯೆಂದು ಸುಮ್ಮನಿರದೆ ಕೂಡಲೇ ಚಿಕಿತ್ಸೆ ಪಡೆಯಬೇಕಾಗುತ್ತದೆ. ಮಹಿಳಾ ಪಟುಗಳಲ್ಲಿ ಕಡಿಮೆ ಸೇವನೆಯ ದಿನಗಳು ಒಟ್ಟು ಆಹಾರವನ್ನೇ ತಗ್ಗಿಸಿದಾಗ ಮುಟ್ಟು ಅನಿಯಮಿತವಾಗುವುದು ಅಥವಾ ನಿಲ್ಲುವುದು ಶಕ್ತಿಯ ಕೊರತೆಯ ಗುರುತು. ಇದು ಮುಂದುವರಿದರೆ ಮೂಳೆಗಳು ದುರ್ಬಲಗೊಳ್ಳುತ್ತವೆ. ಊಟವನ್ನು "ಹೆಚ್ಚಿನ ದಿನ", "ಕಡಿಮೆ ದಿನ" ಎಂದು ವಿಭಜಿಸುವ ಕ್ರಮವು ಹಿಂದೆ ಆಹಾರಸೇವನೆಯ ಮನೋವ್ಯಾಧಿಯಿಂದ ಬಳಲಿದವರಲ್ಲಿ ಉಪವಾಸ ಮತ್ತು ಅತಿಭೋಜನದ ಹಳೆಯ ಸರಣಿಯನ್ನು ಮತ್ತೆ ಕೆರಳಿಸಬಹುದು. ಅಂಥವರಿಗೆ ಆಹಾರತಜ್ಞರು ಸಾಮಾನ್ಯವಾಗಿ ಪ್ರತಿದಿನದ ನಿಯಮಿತ ಊಟವನ್ನೇ ಸೂಚಿಸುತ್ತಾರೆ.